ಪಿಪಿ ಇದ್ದಾಗ ನಮ್ಮ ವಕೀಲರಿಗೆ ಏನು ಕೆಲಸ?

ಹಾವೇರಿ ಸೆಷನ್ಸ್ ಕೋರ್ಟಿನಲ್ಲಿ ನಮ್ಮಣ್ಣನ ಕೊಲೆ ಕೇಸು ನಡೆದಿದೆ. ಸರ್ಕಾರಿ ವಕೀಲರಿದ್ದಾರೆ. ನಾವೂ ಒಬ್ಬರನ್ನು ಇಟ್ಟರೆ ಅವರು ಸಾಕ್ಷಿಗಳನ್ನು ಪ್ರಶ್ನಿಸಬಹುದಾ?

ನೇರವಾಗಿ ಪ್ರಶ್ನಿಸುವಂತಿಲ್ಲ. ಸೆಷನ್ಸ್ ಕೇಸನ್ನು ಪಬ್ಲಿಕ್ ಪ್ರಾಸಿಕ್ಯೂಟರ್, ಅಂದರೆ ಪಿಪಿ, ಅವರೇ ನಡೆಸಬೇಕು. ನಿಮ್ಮ ವಕೀಲರು ಕೋರ್ಟಿನ ಅನುಮತಿ ಪಡೆದು ಅವರಿಗೆ ನೆರವಾಗಬಹುದು, ಸಾಕ್ಷ್ಯ ಮುಗಿದ ಮೇಲೆ ಲಿಖಿತ ವಾದ ಕೊಡಬಹುದು.

ಕಾರಣ ಇಷ್ಟೇ: ಕೊಲೆಯನ್ನು ಕಾನೂನು ಸಮಾಜದ ವಿರುದ್ಧದ ಅಪರಾಧ ಎಂದು ನೋಡುತ್ತದೆ, ಹಾಗಾಗಿ ಕೇಸು ಸರ್ಕಾರದ್ದು. ಪಿಪಿ ನಿಮ್ಮ ವಕೀಲರಲ್ಲ; ಆರೋಪಿಗೆ ಅನುಕೂಲವಾಗುವ ದಾಖಲೆಯನ್ನೂ ಅವರು ಮುಚ್ಚಿಡುವಂತಿಲ್ಲ. ಮನೆಯವರಿಗೆ ಇದು ಕಹಿಯಾಗಿ ಕಾಣುವುದು ಸಹಜ.

ಹಾಗಂತ ನಿಮ್ಮ ವಕೀಲರು ಸುಮ್ಮನೆ ಕೂರಬೇಕಿಲ್ಲ. ಪ್ರತ್ಯಕ್ಷ ಸಾಕ್ಷಿ ‘ರಾತ್ರಿ ಎಂಟಕ್ಕೆ ನೋಡಿದೆ’ ಎಂದ, ಆರೋಪಿ ಪರ ವಕೀಲರು ಪಾಟೀಸವಾಲಿನಲ್ಲಿ ‘ಕತ್ತಲಿತ್ತು’ ಎಂದು ಒಪ್ಪಿಸಿಕೊಂಡರು ಎನ್ನಿ. ಅಲ್ಲಿದ್ದ ಬೀದಿದೀಪ ಪಂಚನಾಮೆಯಲ್ಲಿ ದಾಖಲಾಗಿದ್ದರೆ, ನಿಮ್ಮ ವಕೀಲರು ಅದನ್ನು ಚೀಟಿಯಲ್ಲಿ ಬರೆದು ಆಗಲೇ ಪಿಪಿ ಕೈಗೆ ಕೊಡಬೇಕು. ಪಾಟೀಸವಾಲು ಮುಗಿದ ಕೂಡಲೇ ಅದೇ ಸಾಕ್ಷಿಯ ಮರುವಿಚಾರಣೆಯಲ್ಲಿ ಪಿಪಿ ಅದನ್ನು ಕೇಳುತ್ತಾರೆ. ಕೇಳದಿದ್ದರೆ ಪ್ರಶ್ನೆಯನ್ನು ನ್ಯಾಯಾಧೀಶರ ಗಮನಕ್ಕೆ ತರಬಹುದು, ಸೂಕ್ತವೆನಿಸಿದರೆ ಅವರೇ ಕೇಳುತ್ತಾರೆ. 2019ರ ರೇಖಾ ಮುರಾರ್ಕಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ದಾರಿ ಇದೇ. ಸಾಕ್ಷಿ ಕಟಕಟೆಯಿಂದ ಇಳಿದ ಮೇಲೆ ಚೀಟಿ ಕೊಟ್ಟರೆ, ಅವನನ್ನು ಮತ್ತೆ ಕರೆಸಲು ಬೇರೆ ಅರ್ಜಿ ಹಾಕಬೇಕಾಗುತ್ತದೆ.

ಆರೋಪಿ ಖುಲಾಸೆಯಾದರೆ ಮಾತ್ರ ಚಿತ್ರ ಬೇರೆ: ಸರ್ಕಾರಕ್ಕೆ ಕಾಯದೆ ನೀವೇ ನಿಮ್ಮ ವಕೀಲರ ಮೂಲಕ ಧಾರವಾಡದ ಹೈಕೋರ್ಟ್ ಪೀಠಕ್ಕೆ ಮೇಲ್ಮನವಿ ಹಾಕಬಹುದು.