ಪಾವತಿ ತಡಮಾಡಿದರೆ ಚಕ್ರ ಕಿರಿದಾಗುವುದೇ?

"ದಾಸ್ತಾನು 60 ದಿನ, ಗ್ರಾಹಕರಿಂದ ವಸೂಲಿ 40, ಪೂರೈಕೆದಾರರಿಗೆ ಪಾವತಿ 30, ನಗದು ಪರಿವರ್ತನಾ ಚಕ್ರ 70 ದಿನ. ಪಾವತಿಯನ್ನು 60 ದಿನಕ್ಕೆ ಮುಂದೂಡಿದರೆ ಚಕ್ರ 40 ದಿನ ಎಂದು ಬರೆಯಲೇ?"

ಸರಕಿಗೆ ಹಾಕಿದ ಹಣ ಮತ್ತೆ ಕೈಗೆ ಬರಲು ಹಿಡಿಯುವ ದಿನಗಳೇ ಈ ಚಕ್ರ; ದಾಸ್ತಾನು ಮತ್ತು ವಸೂಲಿಯ ದಿನಗಳನ್ನು ಕೂಡಿ, ಪಾವತಿಯ ದಿನಗಳನ್ನು ಕಳೆದರೆ ಅದು ಸಿಗುತ್ತದೆ. ಹಾಗಾಗಿ ಲೆಕ್ಕ ಸರಿ, ಸಲಹೆ ಅಪಾಯಕಾರಿ. ಪೂರೈಕೆದಾರರು ಭಾರತದ ನೋಂದಾಯಿತ ಸಣ್ಣ ತಯಾರಕರಾಗಿದ್ದರೆ, 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯಂತೆ ಲಿಖಿತ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಆದ್ದರಿಂದ ಪಾವತಿಯನ್ನು 45 ದಿನದವರೆಗೆ ಎಳೆದರೂ ಚಕ್ರ 55 ದಿನಕ್ಕಷ್ಟೇ ಇಳಿಯುತ್ತದೆ. ಮಾರಾಟವಾದ ಸರಕಿನ ವೆಚ್ಚ ದಿನಕ್ಕೆ ಒಂದು ಲಕ್ಷ ರೂಪಾಯಿಯಾದರೆ, ಕೈಗೆ ಉಳಿಯುವ ನಗದು 15 ಲಕ್ಷ. ನಾನಾಗಿದ್ದರೆ ದಾಸ್ತಾನಿನ 60 ದಿನವನ್ನೇ ಮೊದಲು ಕೆದಕುತ್ತಿದ್ದೆ: ಅದರಲ್ಲಿ ಮಾರಾಟವಾಗದೆ ಉಳಿದ ಹಳೆಯ ಸರಕು ಎಷ್ಟು? ಅಂದಹಾಗೆ, ವಸೂಲಿಯ ದಿನಗಳಿಗೆ ಸಾಲದ ಮಾರಾಟವನ್ನು, ದಾಸ್ತಾನಿಗೆ ಸರಕಿನ ವೆಚ್ಚವನ್ನು ಬಳಸಿದ್ದೀರಲ್ಲವೇ?