ಪದ ಬದಲಿಸಿದರೆ ಸಾಲದು

“ಬಿ.ಇಡಿ. ಅಸೈನ್‌ಮೆಂಟ್‌ನಲ್ಲಿ ವೈಗಾಟ್ಸ್ಕಿಯ ವಿಚಾರವನ್ನು ಪದ ಬದಲಿಸಿಯೇ ಬರೆದಿದ್ದೆ. ಆದರೂ ಕೃತಿಚೌರ್ಯ ಎಂದರು, ಏಕೆ?”

ಪದಗಳು ಬದಲಾದರೂ ವಾಕ್ಯದ ಅಸ್ಥಿಪಂಜರ ಹಾಗೆಯೇ ಉಳಿದಿರಬೇಕು. ಪಠ್ಯದಲ್ಲಿ “ಮಗು ಒಂಟಿಯಾಗಿ ಮಾಡಬಲ್ಲದ್ದಕ್ಕೂ ಹಿರಿಯರ ನೆರವಿನಿಂದ ಮಾಡಬಲ್ಲದ್ದಕ್ಕೂ ಇರುವ ಅಂತರವೇ ಸಮೀಪ ವಿಕಾಸ ವಲಯ” ಎಂದಿದೆ ಎನ್ನೋಣ. ‘ಒಂಟಿಯಾಗಿ’ ಇದ್ದಲ್ಲಿ ‘ಸ್ವತಃ’, ‘ನೆರವು’ ಇದ್ದಲ್ಲಿ ‘ಸಹಾಯ’ ಎಂದು ಹಾಕಿದರೆ ಅದು ನಕಲೇ.

ಪುಸ್ತಕ ಮುಚ್ಚಿಟ್ಟು, ಅರ್ಥವಾದದ್ದನ್ನು ತರಗತಿಯ ಮಾತಿನಲ್ಲಿ ಬರೆಯಿರಿ: “ಕಳೆಯುವ ಲೆಕ್ಕದಲ್ಲಿ ದಶಕ ಬಿಡಿಸಲು ತಡವರಿಸುವ ಹುಡುಗಿ, ಶಿಕ್ಷಕಿ ಹತ್ತು ಕಡ್ಡಿಗಳ ಕಟ್ಟನ್ನು ಬಿಚ್ಚಿ ತೋರಿಸಿದಾಗ ಉತ್ತರ ತಲುಪಿದರೆ, ಆ ಲೆಕ್ಕ ಅವಳ ಸಮೀಪ ವಿಕಾಸ ವಲಯದಲ್ಲಿದೆ.” ಉದಾಹರಣೆ ನಿಮ್ಮದಾದರೂ ಪರಿಕಲ್ಪನೆ ವೈಗಾಟ್ಸ್ಕಿಯದು, ಆದ್ದರಿಂದ ಅಲ್ಲಿಯೇ ಆಕರ ಕೊಡಲೇಬೇಕು. ಅನೇಕರು ಇದನ್ನೇ ಮರೆಯುತ್ತಾರೆ.

ನೀವು ವೈಗಾಟ್ಸ್ಕಿಯ ಮೂಲ ಕೃತಿಯನ್ನೇ ಓದಿದ್ದೀರಾ, ಅಥವಾ ಪಠ್ಯಪುಸ್ತಕದಲ್ಲಿ ಮಾತ್ರವೇ? ಎರಡನೆಯದಾದರೆ, ಆಕರ ಸೂಚಿಸುವ ಎಪಿಎ ಶೈಲಿಯಂತೆ ಆವರಣದಲ್ಲಿ ವೈಗಾಟ್ಸ್ಕಿಯ ಹೆಸರು, ಗೊತ್ತಿದ್ದರೆ ಮೂಲ ಕೃತಿಯ ವರ್ಷ, ಜೊತೆಗೆ ಪಠ್ಯಪುಸ್ತಕದ ಲೇಖಕರ ಹೆಸರು ಮತ್ತು ವರ್ಷ ಕೊಟ್ಟು ‘ಇವರಲ್ಲಿ ಉಲ್ಲೇಖಿತ’ ಎಂದು ಸೂಚಿಸಿ. ಕೊನೆಯ ಪರಾಮರ್ಶನ ಪಟ್ಟಿಯಲ್ಲಿ ಪಠ್ಯಪುಸ್ತಕ ಮಾತ್ರ ಇರಲಿ. ನೀವು ಓದದ, ವೈಗಾಟ್ಸ್ಕಿ ಕೃತಿಯ 1978ರ ಇಂಗ್ಲಿಷ್ ಅನುವಾದವನ್ನು ಪಟ್ಟಿಗೆ ಸೇರಿಸಬೇಡಿ. ಮೌಖಿಕ ಪರೀಕ್ಷೆಯಲ್ಲಿ ಪುಟ ಕೇಳಿದರೆ ಸಿಕ್ಕಿಬೀಳುತ್ತೀರಿ.