ಬಸ್ 10 ನಿಮಿಷಕ್ಕೊಂದು, ಕಾಯೋದು 20 ನಿಮಿಷ, ಯಾಕ?

ಕೊಪ್ಪಳದಾಗ ನಮ್ ಕಡೆ ಬಸ್ 10 ನಿಮಿಷಕ್ಕೊಂದು ಅಂತಾರ, ನಾನ್ ಹೋದಾಗೆಲ್ಲಾ 20 ನಿಮಿಷ ಯಾಕ ಕಾಯ್ಬೇಕು?

ನಿಮ್ ನಸೀಬ್ ಏನ್ ಖೊಟ್ಟಿ ಇಲ್ರಿ, ಲೆಕ್ಕಾನೇ ಹಂಗೈತಿ. ತಾಸಿಗೆ 6 ಬಸ್ ಅನ್ಕೋರಿ, ಸರಾಸರಿ ಗ್ಯಾಪ್ 10 ನಿಮಿಷ ಖರೆ, ಆದ್ರ ರೈಲ್ವೆ ಗೇಟ್ ಬಿದ್ದು ಎಲ್ಲಾ ಒಂದರ ಹಿಂದೊಂದು ಬಂದ್ರ 5 ಗ್ಯಾಪ್ 2 ನಿಮಿಷದ್ದು, ಉಳಿದಿದ್ದೊಂದು 50 ನಿಮಿಷದ್ದು ಆಗ್ತೈತಿ. ಟೈಮ್ ನೋಡ್ದ ಸ್ಟ್ಯಾಂಡಿಗೆ ಹೋದ್ರ ಆ 50ರ ಗ್ಯಾಪಿನಾಗ ಬೀಳೋ ಚಾನ್ಸ್ 6ರಾಗ 5, ಯಾಕಂದ್ರ ತಾಸಿನಾಗ ಬಾಳ ಜಾಗ ಹಿಡದಿದ್ದು ಅದೇ. ಕಂಟ್ರೋಲರ್ ಬಸ್ ಎಣಸ್ತಾನ, ಅವಂಗಿದು ಕಾಣಂಗಿಲ್ಲ ಬಿಡ್ರಿ. ದೊಡ್ಡ ಗ್ಯಾಪಿನಾಗ ಸರಾಸರಿ 25 ನಿಮಿಷ ಕಾಯ್ತೀರಿ, ಸಣ್ಣದ್ರಾಗ 1, ಆ ಚಾನ್ಸ್ ಪ್ರಕಾರ ಕೂಡಿಸಿದ್ರ 21 ನಿಮಿಷ. ಅವೇ 6 ಬಸ್ ಸಮ ಅಂತರದಾಗ ಬಂದಿದ್ರ ಸರಾಸರಿ 5 ನಿಮಿಷದಾಗ ಮುಗೀತಿತ್ತು.